ಹತ್ತು ದಿನದ ವಾರ: ಫ್ರಾನ್ಸ್ ಭಾನುವಾರವನ್ನು ಅಳಿಸಲು ಹೊರಟ ಕಥೆ

1799ರ ಜನವರಿ ಕೊನೆಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸಬೇಕೆಂದಿದ್ದೇನೆ ಎಂಬುದು ಅದರ ಸಾರ. ಪತ್ರ ಶ್ರೀರಂಗಪಟ್ಟಣ ತಲುಪಲೇ ಇಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ನಮಗೆ ಇಲ್ಲಿ ಬೇಕಾದದ್ದು ಅದರ ತಾರೀಖು ಮಾತ್ರ. ಅದರಲ್ಲಿ ಜನವರಿಯೂ ಇಲ್ಲ, 1799 ಕೂಡ ಇಲ್ಲ. ಪ್ಲುವಿಯೋಸ್ ತಿಂಗಳು, ಗಣರಾಜ್ಯದ 7ನೇ ವರ್ಷ ಎಂದಿದೆ.

ತಮಾಷೆ ಏನೆಂದರೆ, ಟಿಪ್ಪು ಕೂಡ ತನ್ನ ರಾಜ್ಯಕ್ಕೆ ಹೊಸ ಪಂಚಾಂಗ ಮಾಡಿಕೊಂಡಿದ್ದ. ಚೈತ್ರಕ್ಕೆ ಅಹ್ಮದಿ ಎಂದು ಹೆಸರಿಟ್ಟ, ವರ್ಷದ ಎಣಿಕೆ ಬದಲಿಸಿದ. ಆದರೆ ಚಂದ್ರ ಸೂರ್ಯರನ್ನು ಹೊಂದಿಸಿ ತಿಂಗಳು ಎಣಿಸುವ ಹಳೆಯ ಲೆಕ್ಕವನ್ನು ಹಾಗೇ ಉಳಿಸಿಕೊಂಡ. ಫ್ರೆಂಚರು ಅಷ್ಟಕ್ಕೆ ನಿಲ್ಲಲಿಲ್ಲ. ಅವರು ವಾರಕ್ಕೇ ಕೈ ಹಾಕಿದರು. ಅವರ ಪಂಚಾಂಗ ಬಿದ್ದದ್ದಕ್ಕೆ ಕಾರಣಗಳು ಹಲವು ಇವೆ, ಆದರೆ ನನ್ನ ಪ್ರಕಾರ ಅದರ ಬುಡ ಅಲ್ಲಾಡಿದ್ದು ಅಲ್ಲೇ.

ಮೊದಲು ಪಂಚಾಂಗ ಹೇಗಿತ್ತು ಎಂದು ನೋಡೋಣ. 1792ರ ಸೆಪ್ಟೆಂಬರ್ 21ರಂದು ಪ್ಯಾರಿಸ್‌ನಲ್ಲಿ ಸೇರಿದ ರಾಷ್ಟ್ರೀಯ ಸಭೆ ರಾಜಪ್ರಭುತ್ವವನ್ನು ರದ್ದು ಮಾಡಿತು. ಮರುದಿನ, ಸೆಪ್ಟೆಂಬರ್ 22, ಗಣರಾಜ್ಯದ ಮೊದಲ ದಿನ. ಕಾಕತಾಳೀಯವಾಗಿ ಅದೇ ದಿನ ಹಗಲು ರಾತ್ರಿ ಸಮನಾಗುವ ಶರತ್ಕಾಲದ ವಿಷುವ ಬಿದ್ದಿತ್ತು. ಕ್ರಾಂತಿಕಾರರಿಗೆ ಇನ್ನೇನು ಬೇಕು? ನೆಲದ ಮೇಲೆ ಜನರೆಲ್ಲ ಸಮಾನರಾದ ದಿನವೇ ಆಕಾಶದಲ್ಲಿ ಹಗಲು ರಾತ್ರಿಯೂ ಸಮಾನವಾದವು ಎಂದು ಹೇಳಿಕೊಳ್ಳಲು ಬಂತು. ಒಂದು ವರ್ಷದ ನಂತರ, 1793ರ ಅಕ್ಟೋಬರ್‌ನಲ್ಲಿ, ಹೊಸ ಪಂಚಾಂಗ ಜಾರಿಗೆ ಬಂದಾಗ ಆ ದಿನವನ್ನೇ 1ನೇ ವರ್ಷದ ಮೊದಲ ದಿನ ಎಂದು ಹಿಂದಕ್ಕೆ ಹೋಗಿ ಎಣಿಸಿದರು. ಹಾಗಾಗಿ ಅದು ಬಳಕೆಗೆ ಬರುವ ಹೊತ್ತಿಗೆ ಆಗಲೇ 2ನೇ ವರ್ಷ ನಡೆಯುತ್ತಿತ್ತು.

ಲೆಕ್ಕದ ಕೆಲಸದ ಮುಂದಾಳು ಗಣಿತ ಬಲ್ಲ ರಾಜಕಾರಣಿ ಶಾರ್ಲ್ ಗಿಲ್ಬೆರ್ ರೋಮ್. ಅವನ ಯೋಜನೆ ಸರಳವಾಗಿತ್ತು. ವರ್ಷಕ್ಕೆ ಹನ್ನೆರಡು ತಿಂಗಳು, ಪ್ರತಿ ತಿಂಗಳಿಗೂ ಸರಿಯಾಗಿ 30 ದಿನ. ತಿಂಗಳಿಗೆ ಹತ್ತು ದಿನದ ಮೂರು ವಾರ. ಈ ಹತ್ತು ದಿನದ ಗುಂಪಿನ ಹೆಸರು ದೆಕಾದ್. ಹತ್ತನೇ ದಿನ ದೆಕಾದಿ, ಅದೇ ರಜೆ. ಹನ್ನೆರಡು ತಿಂಗಳಿಗೆ 360 ದಿನ ಆಯಿತು, ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರಿಸದೆ ಹಬ್ಬದ ದಿನಗಳಾಗಿ ಇಟ್ಟರು. ಅಧಿಕ ವರ್ಷದಲ್ಲಿ ಆರು.

ಹೆಸರಿಟ್ಟವನು ಕವಿ, ನಟ, ನಾಟಕಕಾರ ಫಾಬ್ರ್ ದೆಗ್ಲಾಂಟೀನ್. ಈ ಭಾಗ ನಿಜಕ್ಕೂ ಚೆಂದ. ದ್ರಾಕ್ಷಿ ಕೊಯ್ಲಿನ ತಿಂಗಳು ವಾಂದೆಮಿಯೇರ್, ಮಂಜಿನದು ಬ್ರೂಮೇರ್, ಹಿಮದ್ದು ನಿವೋಸ್, ಮಳೆಯದ್ದು ಪ್ಲುವಿಯೋಸ್, ಮೊಳಕೆಯದ್ದು ಜೆರ್ಮಿನಾಲ್, ಬಿಸಿಲಿನದ್ದು ತೆರ್ಮಿದೋರ್. ಒಂದು ಋತುವಿನ ಮೂರು ತಿಂಗಳಿಗೂ ಒಂದೇ ಪ್ರಾಸ. ಇಂಗ್ಲಿಷರು ಇದನ್ನು ಗೇಲಿ ಮಾಡಿ, ಸೀನು, ನಡುಕ, ಜಾರಿಕೆ ಎಂಬಂಥ ಅಣಕು ಹೆಸರುಗಳನ್ನು ಕಟ್ಟಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫಾಬ್ರ್ ವರ್ಷದ ಪ್ರತಿ ದಿನಕ್ಕೂ ಒಂದು ಹೆಸರು ಕೊಟ್ಟ. ಕ್ಯಾಥೊಲಿಕ್ ಪಂಚಾಂಗದಲ್ಲಿ ಒಂದೊಂದು ದಿನ ಒಬ್ಬೊಬ್ಬ ಸಂತನದ್ದು. ಇವನ ಪಂಚಾಂಗದಲ್ಲಿ ಸಂತರ ಜಾಗಕ್ಕೆ ಹೊಲ ಗದ್ದೆ ಬಂದವು. ಐದನೇ ದಿನಕ್ಕೆ ಒಂದು ಪ್ರಾಣಿ, ಹತ್ತನೇ ದಿನಕ್ಕೆ ರೈತನ ಒಂದು ಉಪಕರಣ, ಉಳಿದ ದಿನಗಳಿಗೆ ಗಿಡ, ಹಣ್ಣು, ತರಕಾರಿ. ವಾಂದೆಮಿಯೇರ್ ತಿಂಗಳ ಮೊದಲ ದಿನ ದ್ರಾಕ್ಷಿ, ಎರಡನೆಯದು ಕೇಸರಿ, ಐದನೆಯದು ಕುದುರೆ, ಏಳನೆಯದು ಕ್ಯಾರೆಟ್. ಆ ತಿಂಗಳ ಮೂರು ದೆಕಾದಿಗಳು ಕ್ರಮವಾಗಿ ತೊಟ್ಟಿ, ಗಾಣ, ಪೀಪಾಯಿ. ದ್ರಾಕ್ಷಿ ಹಾಕಿ, ಹಿಂಡಿ, ತುಂಬಿಡುವುದಕ್ಕೆ ಬೇಕಾದ್ದೆಲ್ಲ ಸಾಲಾಗಿ ಬಂತು, ಅಲ್ವಾ? ನಿವೋಸ್‌ನಲ್ಲಿ ಹಿಮ ಬಿದ್ದು ಹೊಲದಲ್ಲಿ ಏನೂ ಬೆಳೆಯದ ಕಾರಣ ಗಿಡಗಳ ಬದಲು ಕಲ್ಲಿದ್ದಲು, ಗಂಧಕ, ಗ್ರಾನೈಟ್ ಬಂದವು. ಒಂದು ದಿನಕ್ಕೆ ಗೊಬ್ಬರ ಎಂದೇ ಹೆಸರು. ಡಿಸೆಂಬರ್ 25, ಅಂದರೆ ಕ್ರಿಸ್ಮಸ್, ಸಾಮಾನ್ಯವಾಗಿ ನಿವೋಸ್ ಐದಕ್ಕೆ ಬೀಳುತ್ತಿತ್ತು. ಅದು ನಾಯಿಯ ದಿನ. ಭಕ್ತರಿಗೆ ಹೇಗೆ ಅನ್ನಿಸಿರಬೇಕು, ನೀವೇ ಊಹಿಸಿಕೊಳ್ಳಿ.

ಹೀಗೆ ಹೆಸರಿಟ್ಟವನ ತಲೆ ಹೆಚ್ಚು ದಿನ ಉಳಿಯಲಿಲ್ಲ. 1794ರ ಏಪ್ರಿಲ್ 5ರಂದು, ಅವನದೇ ಪಂಚಾಂಗದ ಪ್ರಕಾರ 2ನೇ ವರ್ಷದ ಜೆರ್ಮಿನಾಲ್ 16, ಫಾಬ್ರ್‌ನನ್ನು ಕ್ರಾಂತಿಯ ನಾಯಕ ದಾಂತೋನ್ ಜೊತೆಗೆ ಗಿಲೊಟಿನ್‌ಗೆ ಕೊಟ್ಟರು. ರೋಮ್ 1795ರ ಜೂನ್‌ನಲ್ಲಿ ಮರಣದಂಡನೆಯ ತೀರ್ಪು ಬಂದಾಗ ತಾನೇ ಇರಿದುಕೊಂಡು ಸತ್ತ. ಅವನು ಸತ್ತದ್ದರಿಂದ ಪಂಚಾಂಗದ ಒಂದು ರಿಪೇರಿ ಅರ್ಧಕ್ಕೇ ನಿಂತಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹತ್ತೇ ಯಾಕೆ? ಆ ಹೊತ್ತಿನಲ್ಲಿ ಫ್ರಾನ್ಸ್‌ಗೆ ಹತ್ತರ ಹುಚ್ಚು ಹಿಡಿದಿತ್ತು. ಮೀಟರ್, ಗ್ರಾಂ ಹುಟ್ಟಿದ್ದು ಆ ವರ್ಷಗಳಲ್ಲೇ. ಗಡಿಯಾರವನ್ನೂ ಬಿಡಲಿಲ್ಲ. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ, ನಿಮಿಷಕ್ಕೆ ನೂರು ಸೆಕೆಂಡು. ಹಾಗಾದರೆ ಹೊಸ ಒಂದು ಗಂಟೆ ಎಂದರೆ ನಮ್ಮ 2 ಗಂಟೆ 24 ನಿಮಿಷ. ಇರುವ ಗಡಿಯಾರಗಳೆಲ್ಲ ಕೆಲಸಕ್ಕೆ ಬಾರದಂತಾಗುತ್ತವೆ. 1794ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯವಾಗಿತ್ತು, 1795ರ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಕೈಬಿಟ್ಟರು. ಏಳು ತಿಂಗಳೂ ತುಂಬಲಿಲ್ಲ.

ಆದರೆ ಹತ್ತು ದಿನದ ವಾರಕ್ಕೆ ಲೆಕ್ಕದ ಸುಲಭ ಮಾತ್ರ ಕಾರಣ ಅಲ್ಲ. ಗ್ರೆಗ್ವಾರ್ ಎಂಬ ಬಿಷಪ್ ಸಭೆಯ ಸದಸ್ಯನಾಗಿದ್ದ, ಕ್ರಾಂತಿಯ ಪರವಾಗಿಯೇ ಇದ್ದವನು. ಈ ಪಂಚಾಂಗದಿಂದ ಏನು ಉಪಯೋಗ ಎಂದು ರೋಮ್‌ನನ್ನು ಕೇಳಿದಾಗ, ಭಾನುವಾರವನ್ನು ಇಲ್ಲವಾಗಿಸುವುದು ಎಂಬ ಉತ್ತರ ಬಂತು ಎಂದು ಅವನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಚರ್ಚಿನ ಹಿಡಿತ ತಪ್ಪಿಸಬೇಕಾದರೆ ಪಾದ್ರಿಗಳನ್ನು ಓಡಿಸಿದರೆ ಸಾಲದು, ಜನ ಚರ್ಚಿಗೆ ಹೋಗುವ ದಿನವೇ ಇಲ್ಲದಂತೆ ಮಾಡಬೇಕು. ತಿಂಗಳ ಹೆಸರು ಬದಲಾದರೂ ಭಾನುವಾರ ಭಾನುವಾರವೇ. ಆದರೆ ಏಳರ ಎಣಿಕೆಯನ್ನೇ ಮುರಿದರೆ ಭಾನುವಾರ ಎಲ್ಲಿದೆ ಎಂದು ಹುಡುಕಲೂ ಆಗದು. ಯೋಚನೆ ಹೀಗಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು 7ನೇ ವರ್ಷದ ಆರಂಭವನ್ನೇ ತೆಗೆದುಕೊಳ್ಳಿ. ಅದು ಶುರುವಾದದ್ದು 1798ರ ಸೆಪ್ಟೆಂಬರ್ 22ಕ್ಕೆ. ಮೊದಲ ದೆಕಾದಿ ಅಕ್ಟೋಬರ್ 1, ಸೋಮವಾರ. ಎರಡನೆಯದು ಅಕ್ಟೋಬರ್ 11, ಗುರುವಾರ. ಮೂರನೆಯದು ಅಕ್ಟೋಬರ್ 21, ಭಾನುವಾರ. ಆಮೇಲೆ ಬುಧವಾರ, ಶನಿವಾರ, ಮಂಗಳವಾರ, ಶುಕ್ರವಾರ. ಹತ್ತರಿಂದ ಏಳು ಕಳೆದರೆ ಮೂರು, ಹಾಗಾಗಿ ಪ್ರತಿ ದೆಕಾದಿ ಏಳು ದಿನದ ವಾರದಲ್ಲಿ ಮೂರು ದಿನ ಮುಂದಕ್ಕೆ ಜಿಗಿಯುತ್ತದೆ. ಭಾನುವಾರವೂ ದೆಕಾದಿಯೂ ಮತ್ತೆ ಒಟ್ಟಿಗೆ ಬರಬೇಕಾದರೆ 70 ದಿನ ಕಾಯಬೇಕು. ಇಲ್ಲಿ ಅದು ಡಿಸೆಂಬರ್ 30ಕ್ಕೆ ಬಂತು.

ಆ 70 ದಿನಗಳಲ್ಲಿ ಹಳೆಯ ಲೆಕ್ಕದ ಪ್ರಕಾರ ಹತ್ತು ರಜೆ. ಹೊಸ ಲೆಕ್ಕದಲ್ಲಿ ಏಳು. ವರ್ಷಕ್ಕೆ 52 ಭಾನುವಾರಗಳ ಬದಲು 36 ದೆಕಾದಿ, ಜೊತೆಗೆ ಕೊನೆಯ ಐದಾರು ಹಬ್ಬದ ದಿನ. ಮೊದಲು ಭಾನುವಾರಗಳಲ್ಲದೆ ಸಂತರ ಹಬ್ಬಗಳೂ ಬೇಕಾದಷ್ಟು ಇದ್ದವು, ಅವೂ ಹೋದವು. ಸರ್ಕಾರಿ ಗುಮಾಸ್ತರಿಗೆ ಐದನೇ ದಿನ ಅರ್ಧ ರಜೆ ಕೊಡುವುದಿತ್ತು, ಗಾರೆ ಕೆಲಸದವನಿಗೆ ಅದೇನೂ ಇಲ್ಲ. ಆರು ದಿನ ದುಡಿದು ಏಳನೇ ದಿನ ಕೂರುತ್ತಿದ್ದವನು ಈಗ ಒಂಬತ್ತು ದಿನ ದುಡಿಯಬೇಕು. ಪಂಚಾಂಗ ಸೋತದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ: ಜನಕ್ಕೆ ರಜೆ ಕಡಿಮೆಯಾಯಿತು, ಸಿಟ್ಟಾದರು.

ಅದು ನಿಜ, ಆದರೆ ಪೂರ್ತಿ ಅಲ್ಲ. ಕೂಲಿಯವನಿಗೆ ರಜೆ ಎಂದರೆ ಆ ದಿನದ ಕೂಲಿಯೂ ಇಲ್ಲ. ರಜೆ ಕಡಿಮೆಯಾದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಎನ್ನುವ ಲೆಕ್ಕವೂ ಇದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ವಾರ ಎಂಬುದು ಒಬ್ಬನ ರಜೆಯಲ್ಲ, ಎಲ್ಲರೂ ಒಂದೇ ದಿನ ಒಂದು ಕಡೆ ಸೇರುವ ಏರ್ಪಾಡು. ಒಂದು ಊರಿನ ಸಂತೆ ಮಂಗಳವಾರ, ಪಕ್ಕದ ಊರಿನದು ಗುರುವಾರ, ಆಚೆಯದ್ದು ಶನಿವಾರ. ವ್ಯಾಪಾರಿ ಗಾಡಿ ಕಟ್ಟಿಕೊಂಡು ಇದೇ ಸರದಿಯಲ್ಲಿ ಸುತ್ತುತ್ತಾನೆ. ಎಲ್ಲ ಊರುಗಳೂ ಒಟ್ಟಿಗೆ ಹತ್ತಕ್ಕೆ ಬದಲಾದರೆ ಮಾತ್ರ ಆ ಸರದಿ ಉಳಿಯುತ್ತದೆ. ಒಂದು ಊರು ಹೊಸದನ್ನು ಹಿಡಿದು ಇನ್ನೊಂದು ಹಳೆಯದನ್ನೇ ಬಿಡದಿದ್ದರೆ, ಕೆಲವೇ ವಾರಗಳಲ್ಲಿ ಎರಡು ಸಂತೆ ಒಂದೇ ದಿನ ಬಿದ್ದು ವ್ಯಾಪಾರ ಹಾಳಾಗುತ್ತದೆ. ಗಡಿಯಾಚೆಯ ಸಂತೆಗಳಂತೂ ಬದಲಾಗುವ ಮಾತೇ ಇಲ್ಲ.

ಮೀಟರ್ ಉಳಿದದ್ದಕ್ಕೂ ದೆಕಾದ್ ಉಳಿಯದ್ದಕ್ಕೂ ವ್ಯತ್ಯಾಸ ಇಲ್ಲಿದೆ. ಹಳೆಯ ಫ್ರಾನ್ಸ್‌ನಲ್ಲಿ ಅಳತೆ ಊರಿಂದ ಊರಿಗೆ ಬೇರೆಯಾಗಿತ್ತು. ಬಟ್ಟೆ ಅಳೆಯುವ ಕೋಲು, ಧಾನ್ಯ ಅಳೆಯುವ ಪಾತ್ರೆ ಒಂದೊಂದು ಕಡೆ ಒಂದೊಂದು. ಮೋಸಕ್ಕೂ ಜಗಳಕ್ಕೂ ದಾರಿ. ಮೀಟರ್ ಬಂದು ಒಂದು ನಿಜವಾದ ತಲೆನೋವನ್ನು ತೆಗೆಯಿತು. ಆದರೂ ಜನ ಸುಲಭಕ್ಕೆ ಒಪ್ಪಲಿಲ್ಲ, 1840ರವರೆಗೆ ಪೂರ್ತಿ ಕಡ್ಡಾಯವಾಗಲಿಲ್ಲ. ವಾರದ ವಿಷಯದಲ್ಲಿ ಅಂಥ ತಲೆನೋವೇ ಇರಲಿಲ್ಲ. ಪ್ಯಾರಿಸ್‌ನಲ್ಲಿ ಮಂಗಳವಾರ ಆಗಿದ್ದರೆ ಲಂಡನ್‌ನಲ್ಲೂ ಮಂಗಳವಾರ, ರೋಮ್ ನಗರದಲ್ಲೂ ಮಂಗಳವಾರ. ಇಡೀ ಯುರೋಪಿಗೆ ಒಂದೇ ಆಗಿದ್ದ ಒಂದು ಎಣಿಕೆಯನ್ನು ಒಡೆದು, ಅಳತೆಗಳಲ್ಲಿದ್ದ ಗೊಂದಲವನ್ನು ದಿನಗಳಿಗೂ ತಂದಂತಾಯಿತು.

ಮೊದಮೊದಲು ಸರ್ಕಾರ ಇದನ್ನು ಅರೆಮನಸ್ಸಿನಿಂದ ನಡೆಸಿತು. 1795ರ ಫೆಬ್ರವರಿಯಲ್ಲಿ ಪೂಜೆಗೆ ಮತ್ತೆ ಸ್ವಾತಂತ್ರ್ಯ ಸಿಕ್ಕಿತು. ಹಳ್ಳಿಗಳಲ್ಲಿ ಜನ, ಅದರಲ್ಲೂ ಹೆಂಗಸರು ಮುಂದೆ ನಿಂತು, ಚರ್ಚಿನ ಬೀಗದ ಕೈ ಕೊಡಿ ಎಂದು ಅಧಿಕಾರಿಗಳ ಹತ್ತಿರ ಗಲಾಟೆ ಮಾಡಿದರು. ಯೋನ್ ಪ್ರಾಂತ್ಯದಲ್ಲಿ ಪಾದ್ರಿ ಇಲ್ಲದ ಕಡೆ ಊರಿನ ಮೇಷ್ಟ್ರೇ ನಿಂತು ಪ್ರಾರ್ಥನೆ ನಡೆಸಿದ್ದುಂಟು. ಅಂದರೆ ಪಂಚಾಂಗದಿಂದ ಭಾನುವಾರ ಹೋಗಿ ವರ್ಷಗಳಾದರೂ ಯಾವ ದಿನ ಭಾನುವಾರ ಎಂಬ ಎಣಿಕೆ ಯಾರಿಗೂ ತಪ್ಪಿರಲಿಲ್ಲ. ಕಾಗದದ ಮೇಲಿನಿಂದ ಅಳಿಸಿದ್ದನ್ನು ಜನ ಬಾಯಲ್ಲಿ ಉಳಿಸಿಕೊಂಡಿದ್ದರು.

1798ರಲ್ಲಿ ಅಧಿಕಾರದಲ್ಲಿದ್ದ ಐದು ಜನರ ಡೈರೆಕ್ಟರಿ ಸರ್ಕಾರ ಬಿಗಿ ಮಾಡಲು ಹೊರಟಿತು. ಆ ವರ್ಷದ ಆದೇಶಗಳನ್ನು ಓದಿದರೆ ಎಲ್ಲಿ ನೋಯುತ್ತಿತ್ತು ಎಂಬುದು ಗೊತ್ತಾಗುತ್ತದೆ. ಏಪ್ರಿಲ್‌ನ ಆದೇಶ ಸಂತೆ ಜಾತ್ರೆಗಳನ್ನೆಲ್ಲ ಹೊಸ ಪಂಚಾಂಗಕ್ಕೆ ಕಟ್ಟಿತು. ಅದರಲ್ಲಿ ಮೀನಿನ ಮಾರುಕಟ್ಟೆಯ ಬಗ್ಗೆಯೇ ಒಂದು ಮಾತಿದೆ. ಕ್ಯಾಥೊಲಿಕರು ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುತ್ತಾರೆ, ಹಾಗಾಗಿ ಮೀನಿನ ವ್ಯಾಪಾರ ಆ ಉಪವಾಸದ ದಿನಗಳಿಗೆ ತಾಳೆಯಾಗದಂತೆ ನೋಡಿಕೊಳ್ಳಿ ಎಂದು. ಯಾವ ದಿನ ಮೀನು ಮಾರಬೇಕು ಎಂದು ಕ್ರಾಂತಿ ಸರ್ಕಾರ ತಲೆ ಕೆಡಿಸಿಕೊಳ್ಳುವ ಹಂತಕ್ಕೆ ಬಂದಿತ್ತು ನೋಡಿ.

ಆಗಸ್ಟ್ 4ರ ಕಾನೂನು ದೆಕಾದಿಯಂದು ಅಂಗಡಿ ಮುಚ್ಚಲೇಬೇಕು, ಬಹಿರಂಗವಾಗಿ ಕೆಲಸ ಮಾಡಬಾರದು ಎಂದಿತು. ತಪ್ಪಿದರೆ ಶಿಕ್ಷೆ. ಬಿತ್ತನೆ, ಕೊಯ್ಲಿನ ತುರ್ತು ಕೆಲಸಕ್ಕೆ ಮಾತ್ರ ವಿನಾಯಿತಿ. ಆಗಸ್ಟ್ 30ರ ಕಾನೂನು ಮದುವೆಗೂ ಬಂತು: ದೆಕಾದಿಯಂದೇ, ಅದೂ ಹೋಬಳಿ ಕೇಂದ್ರಕ್ಕೆ ಹೋಗಿಯೇ ಮದುವೆ ಆಗಬೇಕು. ಸೆಪ್ಟೆಂಬರ್‌ನಲ್ಲಿ ಹಳೆಯ ತಾರೀಖುಗಳನ್ನು ಪತ್ರಿಕೆಗಳಲ್ಲೂ ಹಾಕುವಂತಿಲ್ಲ ಎಂದಾಯಿತು.

ಜನ ಇದಕ್ಕೆ ಕಂಡುಕೊಂಡ ದಾರಿ ಬಹಳ ಸಾದಾ. ದೆಕಾದಿಯಂದು ಕೆಲಸದ ಬಟ್ಟೆಯಲ್ಲೇ ಓಡಾಡಿದರು. ಭಾನುವಾರ ಒಳ್ಳೆಯ ಬಟ್ಟೆ ಹಾಕಿಕೊಂಡು ಸುಮ್ನೆ ಕೂತರು. ಭಾನುವಾರ ಕೆಲಸ ಮಾಡದವನನ್ನು ಹಿಡಿದು ದುಡಿಸುವುದು ಕಷ್ಟ, ಸೋಮಾರಿತನ ಅಪರಾಧ ಅಲ್ಲವಲ್ಲ. ಕಾನೂನಿಗೆ ಹೆದರಿ ದೆಕಾದಿಯೂ, ರೂಢಿಯಿಂದ ಭಾನುವಾರವೂ, ಎರಡೂ ದಿನ ಅಂಗಡಿ ಮುಚ್ಚಿದವರೂ ಇದ್ದರು. ದುಡಿಮೆ ಹೆಚ್ಚಿಸಬೇಕಾಗಿದ್ದ ಪಂಚಾಂಗ ಅಂಥ ಕಡೆ ರಜೆ ಹೆಚ್ಚಿಸಿತು.

ಆಕಾಶದ ಕಡೆಯ ತೊಂದರೆ ಬೇರೆಯೇ ಇತ್ತು. ಇದನ್ನು ಜನ ಗಮನಿಸಿರಲಿಕ್ಕಿಲ್ಲ, ಖಗೋಳ ವಿಜ್ಞಾನಿಗಳು ಗಮನಿಸಿದರು. ಕಾನೂನಿನ ಒಂದು ಕಲಂ ಪ್ರಕಾರ ಪ್ಯಾರಿಸ್ ವೀಕ್ಷಣಾಲಯದ ಲೆಕ್ಕದಲ್ಲಿ ಶರತ್ಕಾಲದ ವಿಷುವ ಯಾವ ದಿನ ಬೀಳುತ್ತದೋ ಆ ದಿನ ಹೊಸ ವರ್ಷ. ಇನ್ನೊಂದು ಕಲಂ ನಾಲ್ಕು ವರ್ಷಕ್ಕೊಮ್ಮೆ ಅಧಿಕ ವರ್ಷ ಎನ್ನುತ್ತದೆ. ಇವೆರಡೂ ಒಟ್ಟಿಗೆ ನಡೆಯುವುದಿಲ್ಲ. ವಿಷುವವನ್ನೇ ನಂಬಿದರೆ 3, 7, 11, 15ನೇ ವರ್ಷಗಳು ಅಧಿಕ ವರ್ಷಗಳಾಗುತ್ತವೆ, ಆದರೆ ಮುಂದಿನದು 19 ಅಲ್ಲ, 20. ನಡುವೆ ಒಮ್ಮೆ ಐದು ವರ್ಷದ ಅಂತರ ಬರುತ್ತದೆ. ಎಂದು ಬರುತ್ತದೆ ಎಂದು ತಿಳಿಯಲು ಪ್ರತಿ ಸಲವೂ ಖಗೋಳ ವಿಜ್ಞಾನಿಯನ್ನೇ ಕೇಳಬೇಕು.

ದೆಲಾಂಬ್ರ್ ಎಂಬ ಖಗೋಳ ವಿಜ್ಞಾನಿ ಇನ್ನೊಂದು ಮುಜುಗರದ ವಿಷಯ ತೋರಿಸಿದ. 144ನೇ ವರ್ಷದ ವಿಷುವ ಮಧ್ಯರಾತ್ರಿಗೆ ಬರೀ 20 ಸೆಕೆಂಡು ಮುಂಚೆ ಬೀಳುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಅಂದಿನ ಲೆಕ್ಕದಲ್ಲಿ ಕೆಲವು ನಿಮಿಷಗಳ ತಪ್ಪು ಸಹಜ. ಹಾಗಾದರೆ ಆ ವರ್ಷ ಈ ದಿನ ಶುರುವೋ ನಾಳೆಯೋ ಎಂದು ಯಾರೂ ಮೊದಲೇ ಹೇಳಲಾರರು. ಮುಂದಿನ ತಲೆಮಾರಿಗೆ ಸಾಲಪತ್ರ ಬರೆಯುವವನು ಯಾವ ತಾರೀಖು ಹಾಕಬೇಕು? ರೋಮ್ 1795ರಲ್ಲಿ ಇದನ್ನು ಸರಿಪಡಿಸಲು ಗ್ರೆಗೋರಿಯನ್ ಕ್ಯಾಲೆಂಡರ್‌ನಂತೆ ಒಂದು ಸ್ಥಿರ ಸೂತ್ರ ಮುಂದಿಟ್ಟಿದ್ದ. ಅದು ಕಾನೂನಾಗುವ ಮುಂಚೆಯೇ ಅವನ ಕಥೆ ಮುಗಿಯಿತು.

ಪ್ಯಾರಿಸ್‌ನ ವಿಷುವ, ಪ್ಯಾರಿಸ್‌ನ ಹವಾಮಾನ. ಪಂಚಾಂಗ ಇಡೀ ಮನುಕುಲಕ್ಕೆ ಎಂದು ಹೇಳಿಕೊಂಡರೂ ಅದು ಕಿಟಕಿಯಿಂದ ಕಂಡದ್ದನ್ನೇ ಬರೆದಿತ್ತು. ಹಿಂದೂ ಮಹಾಸಾಗರದ ಮಾರಿಷಸ್ ಆಗ ಫ್ರೆಂಚರದ್ದು. ಅಲ್ಲಿ ನಿವೋಸ್, ಅಂದರೆ ಹಿಮದ ತಿಂಗಳು, ಬೇಸಿಗೆಯ ನಡುವೆ ಬರುತ್ತಿತ್ತು.

ಇಷ್ಟೆಲ್ಲ ಇದ್ದರೂ ಪಂಚಾಂಗ ಒಂದೇ ಏಟಿಗೆ ಸಾಯಲಿಲ್ಲ. ಯಾವ ಅಂಗ ಮೊದಲು ಹೋಯಿತು ಎಂದು ನೋಡಿದರೆ ಯಾವುದು ಹೊರೆಯಾಗಿತ್ತು ಎಂದು ತಿಳಿಯುತ್ತದೆ. 8ನೇ ವರ್ಷದ ಬ್ರೂಮೇರ್ 18ರಂದು, ಅಂದರೆ 1799ರ ನವೆಂಬರ್ 9ಕ್ಕೆ, ನೆಪೋಲಿಯನ್ ಅಧಿಕಾರ ಹಿಡಿದ. 1800ರ ಜುಲೈನಲ್ಲಿ ದೆಕಾದಿಯ ರಜೆ ಅಧಿಕಾರಿಗಳಿಗೆ ಮಾತ್ರ ಕಡ್ಡಾಯ ಎಂದು ಆದೇಶ ಹೊರಡಿಸಿದ, ಉಳಿದವರು ತಮಗೆ ಬೇಕಾದ ದಿನ ಅಂಗಡಿ ಮುಚ್ಚಬಹುದು. 1801ರಲ್ಲಿ ಪೋಪ್ ಜೊತೆ ಒಪ್ಪಂದವಾಯಿತು. 1802ರ ಏಪ್ರಿಲ್ 8ರ ಕಾನೂನಿನಲ್ಲಿ ಸರ್ಕಾರಿ ನೌಕರರ ರಜೆಯೂ ಭಾನುವಾರಕ್ಕೆ ಬಂತು. ಹತ್ತು ದಿನದ ವಾರ ಅಲ್ಲಿಗೆ ಮುಗಿಯಿತು. ತಿಂಗಳ ಹೆಸರು, ವರ್ಷದ ಎಣಿಕೆ ಮಾತ್ರ ಇನ್ನೂ ಮೂರು ವರ್ಷಕ್ಕೂ ಹೆಚ್ಚು ಕಾಲ ಎಳೆದವು. ಅವು ಯಾರನ್ನೂ ಅಷ್ಟಾಗಿ ಕಾಡುತ್ತಿರಲಿಲ್ಲ.

ಅಷ್ಟರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ. 1804ರ ಡಿಸೆಂಬರ್‌ನಲ್ಲಿ ಪೋಪ್ ಎದುರಿನಲ್ಲೇ ಕಿರೀಟ ಇಟ್ಟುಕೊಂಡ. ರಾಜನಿಲ್ಲದ ದಿನದಿಂದ ವರ್ಷ ಎಣಿಸುವ ಪಂಚಾಂಗ ಚಕ್ರವರ್ತಿಗೆ ಯಾಕೆ ಬೇಕು? ಆದರೆ ಸೆನೆಟ್‌ನಲ್ಲಿ ಈ ಮಾತು ಯಾರೂ ನೇರವಾಗಿ ಎತ್ತುವ ಅಗತ್ಯ ಬೀಳಲಿಲ್ಲ. ವರದಿ ಮಂಡಿಸಿದವನು ಗಣಿತಜ್ಞ ಲಪ್ಲಾಸ್. ಅವನು ಮುಂದಿಟ್ಟದ್ದು ಅಧಿಕ ವರ್ಷದ ಗೊಂದಲ, ಜೊತೆಗೆ ಯುರೋಪಿನ ಉಳಿದ ದೇಶಗಳೊಂದಿಗೆ ತಾಳ ತಪ್ಪುವ ತೊಂದರೆ. ವಿಜ್ಞಾನದ ಹೆಸರಿನಲ್ಲಿ ಬಂದ ಪಂಚಾಂಗವನ್ನು ವಿಜ್ಞಾನಿಯ ಕೈಯಲ್ಲೇ ಕಳಿಸಿಕೊಟ್ಟದ್ದು ಜಾಣತನ. 1805ರ ಸೆಪ್ಟೆಂಬರ್ 9ರಂದು ತೀರ್ಮಾನವಾಯಿತು, 1806ರ ಜನವರಿ 1ರಿಂದ ಮತ್ತೆ ಗ್ರೆಗೋರಿಯನ್.

ಹಾಗಾಗಿ 14ನೇ ವರ್ಷ ಸರಿಯಾಗಿ 100 ದಿನ ಬದುಕಿತು, ಅಂದರೆ ಹತ್ತು ದೆಕಾದ್. ಲೆಕ್ಕ ಇಷ್ಟು ಚೊಕ್ಕವಾಗಿ ಬಂದದ್ದು ಬರೀ ಆಕಸ್ಮಿಕ. 1871ರ ಮೇ ತಿಂಗಳಲ್ಲಿ ಪ್ಯಾರಿಸ್ ಕಮ್ಯೂನ್ ದಂಗೆಕೋರರು ಆ ಪಂಚಾಂಗವನ್ನು ಮತ್ತೆ ಹೊರತೆಗೆದು ತಮ್ಮ ಅಧಿಕೃತ ಪತ್ರಿಕೆಯ ಮೇಲೆ 79ನೇ ವರ್ಷದ ಫ್ಲೋರೆಯಾಲ್ ಎಂದು ಹಾಕಿದರು. ಸೈನ್ಯ ನಗರಕ್ಕೆ ನುಗ್ಗಿ ಕಮ್ಯೂನ್ ಅಡಗುವವರೆಗೆ, ಮೂರು ವಾರದೊಳಗೆ, ಅದೂ ಮುಗಿಯಿತು. ಆ ಹನ್ನೆರಡು ಚಿಲ್ಲರೆ ವರ್ಷಗಳ ಹುಟ್ಟು, ಮದುವೆ, ಸಾವಿನ ದಾಖಲೆಗಳೆಲ್ಲ ಫ್ರಾನ್ಸ್‌ನ ಕಡತಗಳಲ್ಲಿ ಹೊಸ ತಿಂಗಳುಗಳಲ್ಲೇ ಇವೆ. ಮುತ್ತಜ್ಜನ ಮುತ್ತಜ್ಜನನ್ನು ಹುಡುಕುವವರು ಇಂದಿಗೂ ಪಕ್ಕದಲ್ಲಿ ಪರಿವರ್ತನಾ ಕೋಷ್ಟಕ ಇಟ್ಟುಕೊಂಡೇ ಅವನ್ನು ಓದಬೇಕು.